ಬೀದಿನಾಟಕದ ಚಿತ್ರೀಕರಣ: ಮೂರು ಕ್ಯಾಮೆರಾ, ಒಂದು ಸುತ್ತು, ನೂರೈವತ್ತು ದನಿ

ಪುಣೆ, ಮುಂಬೈ, ಹೈದರಾಬಾದ್ ಕಡೆ ಕೆಲಸ ಮಾಡಿಕೊಂಡು ವಾರಾಂತ್ಯದಲ್ಲಿ ಬೀದಿನಾಟಕ ಆಡೋ ಕನ್ನಡದ ತಂಡಗಳು ಕೆಲವಿವೆ. ಅವರಲ್ಲಿ ಸುಮಾರು ಜನ ಕೇಳೋ ಪ್ರಶ್ನೆ ಒಂದೇ: "ನಾಟಕ ಬಯಲಲ್ಲಿ ಚೆನ್ನಾಗಿತ್ತು, ವೀಡಿಯೊದಲ್ಲಿ ಯಾಕೆ ಸತ್ತ ಹಾಗೆ ಕಾಣುತ್ತೆ?" ಕ್ಯಾಮೆರಾ ಒಳ್ಳೇದೇ ಇರುತ್ತೆ, ನಟರೂ ಚೆನ್ನಾಗೇ ಆಡಿರ್ತಾರೆ. ಆದರೂ ನೋಡಿದರೆ, ಯಾರೋ ಆರು ಜನ ಖಾಲಿ ಮೈದಾನದಲ್ಲಿ ಕೂಗಾಡ್ತಿರೋ ಹಾಗೆ ಅನ್ನಿಸುತ್ತೆ.

ಕಾರಣ ಸರಳ. ಬೀದಿನಾಟಕದಲ್ಲಿ ಅರ್ಧ ನಾಟಕವನ್ನು ಆಡೋರು ಸುತ್ತ ನಿಂತವರು. ನಟ ಒಂದು ಮಾತು ಎಸೀತಾನೆ, ಜನ ನಗ್ತಾರೆ, ಇಲ್ಲಾ ಸುಮ್ಮನಾಗ್ತಾರೆ, ಇಲ್ಲಾ ಒಬ್ಬ ಹಿಂದಿನಿಂದ ಉತ್ತರ ಕೊಡ್ತಾನೆ. ಮುಂದಿನ ಮಾತು ಅದರ ಮೇಲೆ ಕಟ್ಟಿಕೊಳ್ಳುತ್ತೆ. ಆ ಅರ್ಧ ರೆಕಾರ್ಡ್ ಆಗದೇ ಹೋದರೆ ಉಳಿಯೋದು ಫೋನಿನಲ್ಲಿ ಒಂದೇ ಕಡೆಯವರ ಮಾತು ಕೇಳಿದ ಹಾಗೆ. ಅದಕ್ಕೇ ಇವತ್ತು ಚಿತ್ರೀಕರಣದ ಎಲ್ಲಾ ವಿಷಯಕ್ಕೂ ಕೈ ಹಾಕಲ್ಲ. ಆ ಇನ್ನೊಂದು ಅರ್ಧವನ್ನು ಹೇಗೆ ಹಿಡಿಯೋದು, ಮೂರು ಕ್ಯಾಮೆರಾದ ಚಿತ್ರವನ್ನು ಅದರ ಸುತ್ತ ಹೇಗೆ ಜೋಡಿಸೋದು, ಅಷ್ಟನ್ನೇ ಒಂದು ಉದಾಹರಣೆ ಇಟ್ಕೊಂಡು ಹೇಳ್ತೀನಿ.

ಉದಾಹರಣೆಯ ನಾಟಕ

ಪುಣೆಯ ವಾಕಡ್ ಕಡೆ ಕಟ್ಟಡ ಕೆಲಸಗಾರರ ಶೆಡ್ಡುಗಳ ನಡುವಿನ ಒಂದು ಬಯಲು. ಅಲ್ಲಿರೋ ಬಹಳಷ್ಟು ಕುಟುಂಬಗಳು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವು. ನಾಟಕ 28 ನಿಮಿಷದ್ದು, ಗುತ್ತಿಗೆದಾರ ಕೂಲಿ ಹಿಡಿದುಕೊಳ್ಳೋದರ ಬಗ್ಗೆ. ಆರು ಜನ ನಟರು, ಒಬ್ಬ ಹಲಗೆ ಬಾರಿಸೋನು. ಎಲ್ಲರೂ ಹಗಲು ಕಂಪ್ಯೂಟರ್ ಮುಂದೆ ಕೂರೋರು. ಆಡೋ ಜಾಗ ಸುಮಾರು 7 ಮೀಟರ್ ಅಗಲದ ಒಂದು ಸುತ್ತು. ಮುಂದೆ ಮಕ್ಕಳು, ಹೆಂಗಸರು ಕೂತಿದ್ದಾರೆ, ಹಿಂದೆ ಗಂಡಸರು ನಿಂತಿದ್ದಾರೆ. ಒಟ್ಟು ನೂರೈವತ್ತು ಜನ ಅಂತ ಇಟ್ಕೊಳ್ಳಿ. ಭಾನುವಾರ ಸಂಜೆ ಐದೂವರೆ.

ನಮ್ಮ ಹತ್ತಿರ ಇದ್ದದ್ದು ಎರಡು ಸಾಧಾರಣ ಮಿರರ್‌ಲೆಸ್ ಕ್ಯಾಮೆರಾ, ಒಂದು ಫೋನು, ಕೈಯಲ್ಲಿ ಹಿಡಿಯೋ ಅಳತೆಯ ಮೂರು ಆಡಿಯೊ ರೆಕಾರ್ಡರು. ಬಾಡಿಗೆಗೆ ತಂದದ್ದು ರೆಕಾರ್ಡರ್ ಮಾತ್ರ. ಕ್ಯಾಮೆರಾ ಗೆಳೆಯರದ್ದು. ಖರ್ಚು ಮಾಡೋ ಹಾಗಿದ್ದರೆ ಮೊದಲು ಧ್ವನಿಗೇ ಮಾಡಿ ಅಂತ ನಾನು ಹೇಳೋದು ಇದಕ್ಕೆ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ನೋಡ್ತಾರೆ, ಮಾತು ಕೇಳದಿದ್ದರೆ ಎರಡನೇ ನಿಮಿಷಕ್ಕೆ ಎದ್ದು ಹೋಗ್ತಾರೆ.

ಸುತ್ತನ್ನು ಗಡಿಯಾರ ಅಂದುಕೊಳ್ಳಿ

ಯಾವುದನ್ನು ಎಲ್ಲಿಟ್ಟೆವು ಅಂತ ಹೇಳೋಕೆ ಆ ಸುತ್ತನ್ನು ಒಂದು ಗಡಿಯಾರ ಅಂದುಕೊಳ್ಳೋಣ. ಹಲಗೆಯವನು 3 ಗಂಟೆಯ ಜಾಗದಲ್ಲಿ ಕೂತಿದ್ದಾನೆ.

ಮೊದಲ ಕ್ಯಾಮೆರಾ 6 ಗಂಟೆಯ ದಿಕ್ಕಿನಲ್ಲಿ, ಸುತ್ತಿನ ನಡುವಿನಿಂದ 14 ಮೀಟರ್ ದೂರದ ನೀರಿನ ಟ್ಯಾಂಕಿನ ಕಟ್ಟೆ ಮೇಲೆ. ಅದು ಅಲ್ಲಾಡಲ್ಲ. ಇಡೀ ಸುತ್ತು, ಸುತ್ತಲಿನ ಜನರ ಮೊದಲೆರಡು ಸಾಲು ಅದರಲ್ಲಿ ಕಾಣಬೇಕು. ಮೊದಲಿನಿಂದ ಕೊನೆವರೆಗೆ ಅದನ್ನು ಯಾರೂ ಮುಟ್ಟಬಾರದು. ಉಳಿದ ಎರಡು ಕೈಕೊಟ್ಟರೂ ನಾಟಕ ಇದರಲ್ಲಿ ಪೂರ್ತಿ ಇರುತ್ತೆ.

ಎರಡನೇದು 8 ಗಂಟೆಯ ಜಾಗದಲ್ಲಿ, ಮುಂದಿನ ಸಾಲಿನವರ ಜೊತೆ ನೆಲದ ಮೇಲೆ ಕೂತ ಒಬ್ಬನ ಕೈಯಲ್ಲಿ. ಲೆನ್ಸು ಕೂತ ಮನುಷ್ಯನ ಕಣ್ಣಿನ ಮಟ್ಟದಲ್ಲಿ. ನಿಂತುಕೊಂಡು ತೆಗೆದರೆ ಹಿಂದಿನವರಿಗೆ ಅಡ್ಡ ಆಗುತ್ತೆ. ಜೊತೆಗೆ ನಟರ ಮುಖ ಮೇಲಿನಿಂದ ಸಿಕ್ಕಿ, ಚಿಕ್ಕವರಾಗಿ ಕಾಣ್ತಾರೆ. ಹತ್ತಿರದ ಮುಖಗಳೆಲ್ಲ ಬರೋದು ಈ ಕ್ಯಾಮೆರಾದಿಂದ.

ಮೂರನೇದು ಫೋನು. 1 ಗಂಟೆಯ ಜಾಗದಲ್ಲಿ, ಎರಡು ಮೀಟರ್ ಎತ್ತರದ ಕಂಬಕ್ಕೆ ಕಟ್ಟಿದ್ದು. ಮೊದಲೆರಡು ಕ್ಯಾಮೆರಾಕ್ಕೆ ನಟ ಬೆನ್ನು ಮಾಡಿದಾಗ ಅವನ ಮುಖ ಸಿಗೋದು ಇಲ್ಲಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಯಾಕಂದ್ರೆ ಒಂದು ಕರೆ ಬಂದರೆ ರೆಕಾರ್ಡಿಂಗ್ ಅಲ್ಲಿಗೇ ನಿಂತು ಹೋಗಬಹುದು. ಫೋಕಸ್ಸು, ಬೆಳಕು ಎರಡನ್ನೂ ಪರದೆ ಮೇಲೆ ಒತ್ತಿಹಿಡಿದು ಲಾಕ್ ಮಾಡಿ. ಇಲ್ಲಾಂದ್ರೆ ಬಿಳಿ ಅಂಗಿಯವನೊಬ್ಬ ಹತ್ತಿರ ಬಂದ ಕೂಡಲೇ ಇಡೀ ಚಿತ್ರ ಕಪ್ಪಾಗುತ್ತೆ.

ವೇದಿಕೆ ನಾಟಕದಲ್ಲಿ ಕ್ಯಾಮೆರಾಗಳೆಲ್ಲ ಒಂದೇ ಬದಿಗೆ ಇರುತ್ತವೆ, ಎಡಗಡೆಯವನು ಯಾವಾಗಲೂ ಎಡಗಡೆಯೇ. ಸುತ್ತಿನಲ್ಲಿ ಹಾಗಲ್ಲ. ಒಂದನೇ ಕ್ಯಾಮೆರಾದಿಂದ ನೇರ ಮೂರನೇದಕ್ಕೆ ಹಾರಿದರೆ ಗುತ್ತಿಗೆದಾರ, ಕೂಲಿಯವ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡ ಹಾಗೆ ಕಾಣುತ್ತೆ. ಇದಕ್ಕೆ ಎರಡು ಉಪಾಯ. ಮೊದಲನೇದು, ಎದುರು ಬದಿಗೆ ದಾಟೋದನ್ನು ನಟ ಸ್ವತಃ ತಿರುಗೋ ಕ್ಷಣದಲ್ಲಿ ಮಾಡೋದು. ಅವನು ಗಿರಕಿ ಹೊಡೆದ, ನಾವೂ ಆಚೆ ಬದಿಗೆ ಹೋದೆವು. ನೋಡೋನ ಕಣ್ಣು ಅದನ್ನು ಒಪ್ಪಿಕೊಳ್ಳುತ್ತೆ. ಎರಡನೇದು, ಎಲ್ಲಾ ಕ್ಯಾಮೆರಾದಲ್ಲೂ ಕಾಣೋ ಒಂದು ಗುರುತು. ನಮ್ಮಲ್ಲಿ ಅದು ಹಲಗೆಯವನ ತಲೆಗೆ ಕಟ್ಟಿದ್ದ ಕೆಂಪು ವಸ್ತ್ರ. ಅವನು ಚೌಕಟ್ಟಿನ ಒಂದು ಮೂಲೆಯಲ್ಲಿ ಕಂಡರೂ ಸಾಕು, "ಓ, ಈಗ ಈ ಕಡೆಯಿಂದ ನೋಡ್ತಿದೀವಿ" ಅಂತ ಹೇಳದೇ ತಿಳಿಯುತ್ತೆ.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಜನಕ್ಕೆ ಹೊಡೆತ ಕೊಡೋದು ಇದೇ. ಹಳೇ ಮಾದರಿಯ ಹಲವು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗೇ ನಿಲ್ಲುತ್ತವೆ. ನಾಟಕ 28 ನಿಮಿಷದ್ದೇ ಅಂದುಕೊಂಡರೂ, ಜನ ಸೇರಿಸೋ ಹಲಗೆ ಮತ್ತು ಹಾಡಿಗೆ 9 ನಿಮಿಷ ಹಿಡಿಯುತ್ತೆ. ನಮ್ಮ ಎರಡನೇ ಕ್ಯಾಮೆರಾಕ್ಕೆ ಈ ಮಿತಿ ಇತ್ತು. ಹಾಗಾಗಿ ನಾಟಕದ ಹತ್ತನೇ ನಿಮಿಷದ ಹಾಡಿನಲ್ಲಿ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡೋದು ಅಂತ ಮೊದಲೇ ಬರೆದುಕೊಂಡಿದ್ದೆವು. ಆ ಹೊತ್ತಿಗೆ ಉಳಿದ ಎರಡು ಓಡ್ತಿರುತ್ತವೆ. ಹಾಡಿನಲ್ಲಿ ನಿಲ್ಲಿಸೋಕೆ ಇನ್ನೊಂದು ಕಾರಣವೂ ಇದೆ, ಅದನ್ನು ಜೋಡಣೆಯ ಮಾತಿಗೆ ಬಂದಾಗ ಹೇಳ್ತೀನಿ.

ಒಳಗಿನ ದನಿಗೆ ಎರಡು, ಹೊರಗಿನ ದನಿಗೆ ಒಂದು

ಈಗ ಧ್ವನಿ. ಎಲ್ಲರೂ ಮೊದಲು ಕೇಳೋದು, "ನಟರ ಕಾಲರಿಗೆ ಮೈಕು ಸಿಕ್ಕಿಸಬಹುದಲ್ವಾ?" ಅಂತ. ಆರು ನಟರಿಗೆ ಆರು ವೈರ್‌ಲೆಸ್ ಮೈಕು ಬೇಕು. ಅವರು ಬೀಳ್ತಾರೆ, ಏಳ್ತಾರೆ, ಒಬ್ಬರ ಮೇಲೊಬ್ಬರು ಹತ್ತಿ ಕಟ್ಟಡ ಆಗ್ತಾರೆ, ಹೆಗಲ ಟವೆಲ್ಲು ಒಂದು ಗಳಿಗೆ ಮುಂಡಾಸು, ಇನ್ನೊಂದು ಗಳಿಗೆ ಸೆರಗು. ಮೈಕಿನಲ್ಲಿ ಮಾತಿಗಿಂತ ಬಟ್ಟೆ ಉಜ್ಜೋ ಸದ್ದೇ ಜಾಸ್ತಿ ಬರುತ್ತೆ. ಅಲ್ಲದೆ ಬೀದಿನಾಟಕದ ನಟ ಹಿಂದಿನ ಸಾಲಿಗೆ ಮುಟ್ಟಲಿ ಅಂತಲೇ ಗಂಟಲು ಬಿಚ್ಚಿ ಮಾತಾಡೋನು. ಆ ದನಿಯನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದರೆ ಬೈದ ಹಾಗೆ ಕೇಳುತ್ತೆ. ಮೂರು ಮೀಟರ್ ದೂರದಲ್ಲಿ ಅದು ಸಹಜ.

ಹಾಗಾಗಿ ಸುತ್ತಿನ ಅಂಚಿನಲ್ಲಿ, 6 ಮತ್ತು 12 ಗಂಟೆಯ ಜಾಗದಲ್ಲಿ, ಒಂದೊಂದು ರೆಕಾರ್ಡರನ್ನು ಸಣ್ಣ ಸ್ಟ್ಯಾಂಡಿನ ಮೇಲೆ ಒಳಮುಖವಾಗಿ ಇಟ್ಟೆವು. ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಎರಡು ಯಾಕೆ ಅಂದ್ರೆ, ಸುತ್ತಿನಲ್ಲಿ ನಟ ಯಾವಾಗಲೂ ಯಾರಿಗೋ ಒಬ್ಬರಿಗೆ ಬೆನ್ನು ಮಾಡೇ ಇರ್ತಾನೆ. ಒಂದೇ ಮೈಕಾದರೆ ಅರ್ಧ ನಾಟಕ ಬೆನ್ನಿನ ಕಡೆಯಿಂದ ಕೇಳುತ್ತೆ. ಹಲಗೆ 3 ಗಂಟೆಯಲ್ಲಿ ಇರೋದರಿಂದ ಎರಡಕ್ಕೂ ಸಮ ದೂರ, ಎರಡರಲ್ಲೂ ಒಂದೇ ಅಳತೆಯಲ್ಲಿ ಬರುತ್ತೆ.

ಮೂರನೇ ರೆಕಾರ್ಡರೇ ಇವತ್ತಿನ ಮುಖ್ಯ ವಿಷಯ. ಅದು 10 ಗಂಟೆಯ ಜಾಗದಲ್ಲಿ, ಅಂದರೆ ಹಲಗೆಯಿಂದ ಹೆಚ್ಚುಕಡಿಮೆ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಎರಡು ಮೀಟರ್ ಎತ್ತರದ ಸ್ಟ್ಯಾಂಡಿನ ಮೇಲೆ, ಹೊರಮುಖವಾಗಿ. ಅದರ ಬೆನ್ನು ನಟರ ಕಡೆ, ಮುಖ ಜನರ ಕಡೆ. ಒಂದು ಬದಿಯಿಂದ ಬರೋ ಸದ್ದನ್ನೇ ಹೆಚ್ಚಾಗಿ ಹಿಡಿಯೋ ಮೈಕುಗಳು ಬೆನ್ನ ಹಿಂದಿನ ಸದ್ದನ್ನು ಬಹಳ ಕಡಿಮೆ ತಗೊಳ್ತವೆ, ಅದನ್ನೇ ಇಲ್ಲಿ ಬಳಸಿಕೊಳ್ಳೋದು. ಎತ್ತರ ಯಾಕೆ ಅಂದ್ರೆ, ತಲೆಯ ಮಟ್ಟದಲ್ಲಿ ಇಟ್ಟರೆ ಹತ್ತಿರದ ಒಬ್ಬ ಅಜ್ಜನ ಕೆಮ್ಮು ನೂರೈವತ್ತು ಜನರ ನಗುವಿಗಿಂತ ಜೋರಾಗಿ ಕೇಳುತ್ತೆ. ಮೇಲಿಟ್ಟರೆ ಎಲ್ಲರೂ ಹೆಚ್ಚುಕಡಿಮೆ ಸಮದೂರ ಆಗ್ತಾರೆ.

ಮಟ್ಟ ಹೊಂದಿಸೋವಾಗ ಆಟೊ ಅನ್ನೋದನ್ನು ಮೂರರಲ್ಲೂ ತೆಗೆದುಹಾಕಿ. ಆಟೊದಲ್ಲಿ ಏನಾಗುತ್ತೆ ಅಂದ್ರೆ, ಹಲಗೆ ಒಂದು ಏಟು ಬಿದ್ದ ತಕ್ಷಣ ಯಂತ್ರ ಹೆದರಿ ಮಟ್ಟ ಇಳಿಸುತ್ತೆ, ಮುಂದಿನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತೆ. ಮೌನ ಬಂದರೆ ನಿಧಾನಕ್ಕೆ ಮಟ್ಟ ಏರಿಸಿ ದೂರದ ಜನರೇಟರನ್ನು ಮುಂದಕ್ಕೆ ತಂದು ನಿಲ್ಲಿಸುತ್ತೆ. ರೆಕಾರ್ಡಿಂಗ್ ಕೇಳುವಾಗ ಹಿನ್ನೆಲೆ ಉಸಿರಾಡಿದ ಹಾಗೆ ಏರಿಳಿತಾ ಇದ್ದರೆ ಆಟೊ ಬಿಟ್ಟಿದ್ದಾರೆ ಅಂತಲೇ ಅರ್ಥ. ಅದನ್ನು ಆಮೇಲೆ ಸರಿ ಮಾಡೋದು ಹೆಚ್ಚುಕಡಿಮೆ ಅಸಾಧ್ಯ. ಹಲಗೆಯವನಿಗೆ "ನಾಟಕದಲ್ಲಿ ಎಷ್ಟು ಜೋರು ಬಾರಿಸ್ತೀಯೋ ಅಷ್ಟೇ ಬಾರಿಸು" ಅಂತ ಹೇಳಿ. ಆ ಏಟು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಕೈಯಿಂದ ಹೊಂದಿಸಿ. ಜನ ಸೇರಿದ ಮೇಲೆ ಅವನು ಇನ್ನೂ ಜೋರು ಬಾರಿಸ್ತಾನೆ, ಆ 6 ಡೆಸಿಬೆಲ್ ಅದಕ್ಕೆ. ಮಾತು ಸಣ್ಣದಾಗಿ ಬಂದರೂ ಪರವಾಗಿಲ್ಲ, ಆಮೇಲೆ ಎತ್ತಬಹುದು. ಸೀಳಿದ ಸದ್ದನ್ನು ಮಾತ್ರ ಹೊಲಿಯೋಕಾಗಲ್ಲ.

ಬಯಲಲ್ಲಿ ಗಾಳಿಗೆ ಸ್ಪಂಜಿನ ಟೊಪ್ಪಿ ಸಾಲಲ್ಲ. ಉದ್ದ ಕೂದಲಿರೋ ಟೊಪ್ಪಿ ಸಿಗುತ್ತೆ, ಅದನ್ನೇ ಹಾಕಿ. ಹಾಗೇ ನಾಟಕ ಶುರುವಾಗೋ ಮೊದಲು, ಯಾರೂ ಮಾತಾಡದ ಒಂದು ನಿಮಿಷ ಬರೀ ಬಯಲಿನ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎಲ್ಲಾದರೂ ಸಣ್ಣ ತೇಪೆ ಹಾಕಬೇಕಾದಾಗ ಅದೇ ಬಟ್ಟೆ.

ಜೋಡಣೆ: ಏಟು ಕಾಣೋದು ಮೊದಲು, ಕೇಳೋದು ಆಮೇಲೆ

ಮೂರು ಕ್ಯಾಮೆರಾ, ಮೂರು ರೆಕಾರ್ಡರು, ಆರು ಗಡಿಯಾರ. ಇವನ್ನು ಒಂದೇ ಹೊತ್ತಿಗೆ ತರಬೇಕು. ಸಿನಿಮಾದಲ್ಲಾದರೆ ಕ್ಲಾಪ್ ಹೊಡೀತಾರೆ. ಜನರ ಮಧ್ಯೆ ನಿಂತು ಕ್ಲಾಪ್ ಹೊಡೆದರೆ ನಾಟಕ ಆ ಕ್ಷಣದಲ್ಲೇ ಶೂಟಿಂಗ್ ಆಗಿಬಿಡುತ್ತೆ. ಎಲ್ಲರೂ ಕ್ಯಾಮೆರಾ ನೋಡೋಕೆ ಶುರು ಮಾಡ್ತಾರೆ. ಅದರ ಅಗತ್ಯವೂ ಇಲ್ಲ, ಯಾಕಂದ್ರೆ ಹಲಗೆ ಇದೆ. ಜನ ಸೇರಿಸೋ ಮೊದಲ ಏಟನ್ನು ಅವನು ಸುತ್ತಿನ ನಡುವೆ ನಿಂತು ಕೈ ಮೇಲೆತ್ತಿ ಹೊಡೀಬೇಕು. ಕೊನೇ ಹಾಡಿನ ಕೊನೇ ಏಟೂ ಹಾಗೇ. ಎಲ್ಲಾ ಕ್ಯಾಮೆರಾಕ್ಕೂ ಕಾಣುತ್ತೆ, ಎಲ್ಲಾ ಮೈಕಿಗೂ ಕೇಳುತ್ತೆ. ಎರಡನೇ ಕ್ಯಾಮೆರಾವನ್ನು ಹಾಡಿನ ನಡುವೆ ನಿಲ್ಲಿಸಿ ಶುರು ಮಾಡಿದ್ದು ಇದಕ್ಕೇ. ಹೊಸ ಫೈಲು ಅಂದ್ರೆ ಹೊಸದಾಗಿ ಜೋಡಿಸಬೇಕು, ಹಾಡಿನಲ್ಲಿ ಏಟಿಗೆ ಬರ ಇಲ್ಲ.

ಎಡಿಟಿಂಗ್ ಸಾಫ್ಟ್‌ವೇರ್ ಧ್ವನಿಯ ಅಲೆ ನೋಡಿ ತಾನೇ ಜೋಡಿಸಿಕೊಡುತ್ತೆ. ಅದು ಧ್ವನಿಗೆ ಧ್ವನಿಯನ್ನು ಜೋಡಿಸೋದು, ಚಿತ್ರಕ್ಕಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಟ್ಯಾಂಕಿನ ಕಟ್ಟೆ 14 ಮೀಟರ್ ದೂರ, ಅಲ್ಲಿಗೆ ಶಬ್ದ ಮುಟ್ಟೋಕೆ ಸುಮಾರು 40 ಮಿಲಿಸೆಕೆಂಡು. ಸೆಕೆಂಡಿಗೆ 25 ಫ್ರೇಮಿನ ವೀಡಿಯೊದಲ್ಲಿ ಒಂದು ಫ್ರೇಮು ಅಂದ್ರೆ ಸರಿಯಾಗಿ 40 ಮಿಲಿಸೆಕೆಂಡು. ಅಂಚಿನ ರೆಕಾರ್ಡರಿಗೆ ಬರೀ 10. ಹಾಗಾಗಿ ಅಲೆ ಹೊಂದಿಸಿದ ಮೇಲೆ ದೂರದ ಕ್ಯಾಮೆರಾದ ಚಿತ್ರ ಮುಕ್ಕಾಲು ಫ್ರೇಮು ಮುಂದೆ ಓಡ್ತಿರುತ್ತೆ. ಕ್ಯಾಮೆರಾ ಮೂರನೇ ಮಹಡಿಯಲ್ಲೋ, ರಸ್ತೆಯ ಆಚೆಗೋ ಇದ್ದರೆ ಎರಡು ಫ್ರೇಮು ಆಗುತ್ತೆ, ಆಗ ತುಟಿಗೂ ಮಾತಿಗೂ ತಾಳ ತಪ್ಪಿದ್ದು ಗೊತ್ತಾಗುತ್ತೆ. ದೂರದ ಕ್ಯಾಮೆರಾವನ್ನು ಅದರ ಧ್ವನಿಯಿಂದಲ್ಲ, ಕೋಲು ಹಲಗೆಗೆ ತಾಗೋ ಫ್ರೇಮಿನಿಂದ ಕಣ್ಣಲ್ಲಿ ನೋಡಿ ಜೋಡಿಸಿ. ಆಮೇಲೆ ಅದರ ಧ್ವನಿಯನ್ನು ಮುಚ್ಚಿಬಿಡಿ.

ಫೋನಿನದ್ದು ಬೇರೆ ಕಥೆ. ಅದು 25 ಫ್ರೇಮು ಅಂತ ಹೇಳಿದರೂ ಒಮ್ಮೆ ಸ್ವಲ್ಪ ಬೇಗ, ಒಮ್ಮೆ ಸ್ವಲ್ಪ ನಿಧಾನ ತೆಗೆಯುತ್ತೆ. ಎಡಿಟಿಂಗಿಗೆ ಹಾಕೋ ಮೊದಲು ಅದನ್ನು ಸಮ ವೇಗಕ್ಕೆ ತಂದುಕೊಳ್ಳಬೇಕು. ನೀವೆಲ್ಲ ಟರ್ಮಿನಲ್ಲಿಗೆ ಹೆದರೋರಲ್ಲ, ಒಂದೇ ಸಾಲು:

```
ffmpeg -i phone.mp4 -vf fps=25 -c:v libx264 -crf 18 -c:a pcm_s16le cam3.mov
```

ಇಷ್ಟಾದರೂ ಗಡಿಯಾರಗಳ ನಡುವೆ ಸಣ್ಣ ವ್ಯತ್ಯಾಸ ಉಳಿಯುತ್ತೆ. ನಮ್ಮ ಫೋನು ಮೊದಲ ಏಟಿನಲ್ಲಿ ಸರಿಯಾಗಿ ಕೂತಿತ್ತು, 40 ನಿಮಿಷದ ನಂತರ ಕೊನೇ ಏಟಿನಲ್ಲಿ ಮೂರು ಫ್ರೇಮು ಹಿಂದೆ ಬಿದ್ದಿತ್ತು. ಕೊನೇ ಏಟು ಬೇಕು ಅನ್ನೋದು ಇದನ್ನು ಕಂಡುಹಿಡಿಯೋಕೆ. ಲೆಕ್ಕ ಹಾಕಿದರೆ ಸುಮಾರು 13 ನಿಮಿಷಕ್ಕೆ ಒಂದು ಫ್ರೇಮು. ವೇಗ ಬದಲಿಸೋಕೆ ಹೋಗಬೇಡಿ. ಫೋನಿನ ಚಿತ್ರವನ್ನು ಒಂದು ಸಲಕ್ಕೆ ಬಳಸೋದೇ ಐದೋ ಹತ್ತೋ ಸೆಕೆಂಡು. 13ನೇ ನಿಮಿಷದಲ್ಲಿ ಒಂದು ಕಡೆ, 26ನೇ ನಿಮಿಷದಲ್ಲಿ ಇನ್ನೊಂದು ಕಡೆ ಕತ್ತರಿಸಿ, ಒಂದೊಂದು ಫ್ರೇಮು ಸರಿಸಿದರೆ ಸಾಕು. 6 ಗಂಟೆಯ ರೆಕಾರ್ಡರನ್ನು ಮಾತ್ರ ಎಲ್ಲೂ ಕತ್ತರಿಸಬೇಡಿ, ಸರಿಸಬೇಡಿ. ಅದು ಹಾಸು, ಉಳಿದದ್ದೆಲ್ಲ ಅದರ ಮೇಲೆ ಹೊಕ್ಕು.

ಎರಡು ಮೈಕು ಒಟ್ಟಿಗೆ ಮಾತಾಡಬಾರದು

ಧ್ವನಿ ಬೆರೆಸೋವಾಗ ಸಹಜವಾಗಿ ಮಾಡೋ ಕೆಲಸ, ಒಳಗಿನ ಎರಡೂ ರೆಕಾರ್ಡರನ್ನು ಸಮವಾಗಿ ತೆರೆದುಬಿಡೋದು. ಕೇಳಿ ನೋಡಿ, ನಟ ಖಾಲಿ ಡ್ರಮ್ಮಿನೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಇರುತ್ತೆ. ಎರಡರ ನಡುವೆ 7 ಮೀಟರ್ ಇದೆ. ನಟ ಒಂದರ ಹತ್ತಿರ ನಿಂತರೆ ಅದೇ ಮಾತು ಇನ್ನೊಂದಕ್ಕೆ ಸುಮಾರು 20 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತೆ. ಒಂದೇ ಮಾತು ಎರಡು ಸಲ ಒಂದರ ಮೇಲೊಂದು ಬಿದ್ದು ಒಂದನ್ನೊಂದು ತಿನ್ನುತ್ತವೆ.

ಹಾಗಾಗಿ ನಟನ ಮುಖ ಯಾವ ಕಡೆಗಿದೆಯೋ ಆ ಮೈಕು ಮೇಲೆ, ಇನ್ನೊಂದು ಕನಿಷ್ಠ 10 ಡೆಸಿಬೆಲ್ ಕೆಳಗೆ. ಅವನು ತಿರುಗಿದಾಗ ಅರ್ಧ ಸೆಕೆಂಡಿನಲ್ಲಿ ಜಾರಿಸಿ ಅದಲುಬದಲು ಮಾಡೋದು. 28 ನಿಮಿಷದ ನಾಟಕಕ್ಕೆ ಇದನ್ನು ಕೈಯಿಂದ ಮಾಡೋಕೆ ಒಂದು ಪೂರ್ತಿ ಸಂಜೆ ಹಿಡಿಯುತ್ತೆ. ನಾಟಕ ಸ್ಪಷ್ಟವಾಗಿ ಕೇಳೋದು ಬಹುಪಾಲು ಈ ಒಂದು ಸಂಜೆಯ ಕೆಲಸದಿಂದ.

ಜನರ ರೆಕಾರ್ಡರು ಯಾವಾಗಲೂ ತೆರೆದೇ ಇರಬೇಕು. ಮಾತಿಗಿಂತ ಸುಮಾರು 12 ಡೆಸಿಬೆಲ್ ಕೆಳಗೆ, ಆದರೆ ಎಂದೂ ಪೂರ್ತಿ ಮುಚ್ಚಬಾರದು. ನಗು ಬಂದಾಗ ತೆರೆದು, ಮುಗಿದ ಮೇಲೆ ಮುಚ್ಚಿದರೆ, ಧಾರಾವಾಹಿಗಳಲ್ಲಿ ಡಬ್ಬದಿಂದ ತೆಗೆದು ಹಾಕ್ತಾರಲ್ಲ, ಆ ನಗುವಿನ ಹಾಗೇ ಕೇಳುತ್ತೆ. ಜನ ಸುಮ್ಮನಿರೋದೂ ಒಂದು ಸದ್ದೇ. ಮಗು ಕಿರಿಕಿರಿ ಮಾಡೋದು, ಬಳೆ ಸದ್ದು, ಯಾರೋ ಕಾಲು ಬದಲಿಸೋದು. ಅದು ಅಡಿಯಲ್ಲಿ ಹರೀತಾ ಇದ್ದರೆ ಮಾತ್ರ ಮೇಲೆ ಬರೋ ನಗು ನಿಜ ಅನ್ನಿಸುತ್ತೆ.

ಹದಿನೇಳನೇ ನಿಮಿಷ

ಈಗ ಎಲ್ಲಾ ಒಟ್ಟಿಗೆ ಕೆಲಸ ಮಾಡಿದ ಒಂದು ಜಾಗ ಹೇಳ್ತೀನಿ. ನಾಟಕದ ಹದಿನೇಳನೇ ನಿಮಿಷ. ಗುತ್ತಿಗೆದಾರನ ಪಾತ್ರಧಾರಿ ನೋಟು ಎಣಿಸ್ತಾ ಸುತ್ತು ಹಾಕ್ತಾನೆ. ಜನರ ಕಡೆ ತಿರುಗಿ ಕೇಳ್ತಾನೆ, "ಪಗಾರ ಪೂರಾ ಕೊಟ್ಟೀನಿಲ್ರಪಾ? ಯಾರರ ಇಲ್ಲ ಅನ್ರಿ ನೋಡೋಣ." ಬರೆದ ನಾಟಕದಲ್ಲಿ ಇದಕ್ಕೆ ಉತ್ತರ ಕೊಡೋದು ಇನ್ನೊಬ್ಬ ನಟ. ಅವತ್ತು ಅವನು ಬಾಯಿ ತೆರೆಯೋ ಮೊದಲೇ ಹಿಂದೆ ನಿಂತಿದ್ದ ಒಬ್ಬರು ಕೂಗಿದರು: "ಆರನೂರ ಅಂದಿದ್ದಿ, ನಾಕನೂರ ಐವತ್ತ ಕೊಟ್ಟಿ!"

ಎರಡು ಸೆಕೆಂಡು ಪೂರ್ತಿ ಮೌನ. ಆಮೇಲೆ ಇಡೀ ಬಯಲು ನಕ್ಕಿತು. ನಟ ಸುಧಾರಿಸಿಕೊಂಡು, "ಇವಗ ಲೆಕ್ಕ ಯಾವಾಂವ ಕಲಿಸಿದ?" ಅಂದ. ನಗು ಇನ್ನೂ ಜೋರಾಯಿತು.

ಒಳಗಿನ ರೆಕಾರ್ಡರುಗಳಲ್ಲಿ ಆ ಕೂಗು ಬರೀ ಗೊಗ್ಗರು ಸದ್ದು. ಹೊರಮುಖದ ರೆಕಾರ್ಡರಿನಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟ. ಅದು ಇಲ್ಲದಿದ್ದರೆ ವೀಡಿಯೊದಲ್ಲಿ ನಟ ಕಾರಣವಿಲ್ಲದೆ ತಬ್ಬಿಬ್ಬಾಗಿ, ಅರ್ಥವಾಗದ ಒಂದು ಮಾತು ಹೇಳಿದ ಹಾಗೆ ಕಾಣ್ತಿತ್ತು. ಜನರ ಟ್ರ್ಯಾಕನ್ನು ಆ ಕೂಗಿಗೆ ಮೂರು ಸೆಕೆಂಡು ಮೊದಲಿನಿಂದಲೇ ನಿಧಾನಕ್ಕೆ 8 ಡೆಸಿಬೆಲ್ ಏರಿಸಿದೆವು. ಕೂಗಿನ ಮೇಲೇ ಏರಿಸಿದರೆ ಬಯಲಿನ ಗುಂಯ್‌ಗುಡೋ ಸದ್ದೂ ಥಟ್ಟನೆ ಏರಿ, ಕೈ ಹಾಕಿರೋದು ಗೊತ್ತಾಗುತ್ತೆ. ಆ ಎರಡು ಸೆಕೆಂಡು ಮೌನವನ್ನು ಒಂದು ಫ್ರೇಮೂ ಕತ್ತರಿಸಲಿಲ್ಲ.

ಇನ್ನು ಚಿತ್ರ. ಕೂಗಿದವರ ಮುಖ ಫೋನಿನಲ್ಲಿ ಚೆನ್ನಾಗಿ ಬಂದಿತ್ತು. ಯಾರೇ ಎಡಿಟರ್ ಆದರೂ ಮೊದಲು ಕೈ ಹೋಗೋದು ಆ ಚಿತ್ರಕ್ಕೆ. ಆದರೆ ಅವರು ನಟರಲ್ಲ. ಆ ಲೆಕ್ಕ ನಾಟಕದ್ದಲ್ಲ, ಅವರದ್ದು. ಸೋಮವಾರ ಅದೇ ಗುತ್ತಿಗೆದಾರನ ಮುಂದೆ ಹಾಜರಿ ಹಾಕಬೇಕಾದವರು. ಫೋನಿನಿಂದ ಫೋನಿಗೆ ಹೋಗೋ ಒಂದು ವೀಡಿಯೊ ಸಂಜೆಯೊಳಗೆ ಸೈಟ್ ಆಫೀಸಿಗೂ ಹೋಗುತ್ತೆ. ಬೀದಿಯಲ್ಲಿ ಆಡಿದ ಮಾತಿಗೆ ಬೆಲೆ ತೆರೋದು ಈ ರಂಗಭೂಮಿಗೆ ಹೊಸದಲ್ಲ. 1989ರ ಜನವರಿ 1ರಂದು ದೆಹಲಿ ಹತ್ತಿರದ ಸಾಹಿಬಾಬಾದ್‌ನಲ್ಲಿ ಕಾರ್ಮಿಕರ ಮುಂದೆ 'ಹಲ್ಲಾ ಬೋಲ್' ಆಡ್ತಿದ್ದಾಗ ಜನ ನಾಟ್ಯ ಮಂಚ್ ಮೇಲೆ ದಾಳಿಯಾಗಿ, ಮರುದಿನ ಸಫ್ದರ್ ಹಾಶ್ಮಿ ತೀರಿಕೊಂಡರು. ಅವತ್ತು ಒಬ್ಬ ಕಾರ್ಮಿಕನೂ ಸತ್ತ. ನಾಟಕ ಆಡೋರು ಅಪಾಯವನ್ನು ತಿಳಿದೇ ಬೀದಿಗೆ ಇಳೀತಾರೆ. ನೋಡೋಕೆ ಬಂದವರನ್ನು ಅವರಿಗೆ ಗೊತ್ತಿಲ್ಲದೆ ಅದರೊಳಗೆ ಎಳೆಯೋ ಹಕ್ಕು ಕ್ಯಾಮೆರಾಕ್ಕಿಲ್ಲ.

ನಾಟಕ ಮುಗಿದ ಮೇಲೆ ತಂಡದವರು ಹೋಗಿ ಅವರನ್ನು ಕೇಳಿದರು. "ಧ್ವನಿ ಇರ್ಲಿ ರೀ, ಮಾರಿ ಬ್ಯಾಡ" ಅಂದರು. ಧ್ವನಿಯಿಂದಲೂ ಗುರುತು ಹಿಡಿಯಬಹುದು ಅಂತ ಹೇಳಿದಾಗ ಪಕ್ಕದವರ ಜೊತೆ ಮಾತಾಡಿಕೊಂಡು ಬಂದು, "ಇರ್ಲಿ, ನಾ ಒಬ್ಬಾಂವ ಅಂದದ್ದಲ್ಲ ಅದು" ಅಂದರು.

ಹಾಗಾಗಿ ಕೊನೆಗೆ ಕೂತ ಚಿತ್ರ ಹೀಗೆ. ಕೂಗು ಕೇಳುವಾಗ ತೆರೆ ಮೇಲೆ ಎರಡನೇ ಕ್ಯಾಮೆರಾ, ನೋಟು ಹಿಡಿದ ಗುತ್ತಿಗೆದಾರನ ಮುಖ. ಮೌನದ ಎರಡು ಸೆಕೆಂಡೂ ಅದೇ ಮುಖ, ಬೆರಳು ನೋಟಿನ ಮೇಲೆ ನಿಂತಿದೆ. ನಗು ಒಡೆದಾಗ ಟ್ಯಾಂಕಿನ ಮೇಲಿನ ದೂರದ ಕ್ಯಾಮೆರಾ. ಇಡೀ ಬಯಲು ಅಲುಗಾಡೋದು ಕಾಣುತ್ತೆ, ಆದರೆ ಇಂಥವರು ಅಂತ ಯಾರನ್ನೂ ಗುರುತು ಹಿಡಿಯೋಕಾಗಲ್ಲ. ನನ್ನ ಪ್ರಕಾರ ಕೂಗಿದವರ ಮುಖ ತೋರಿಸೋದಕ್ಕಿಂತ ಇದೇ ಬಲವಾಗಿದೆ. ಉತ್ತರ ಯಾರಿಂದ ಬಂತು ಅಂತ ಗುತ್ತಿಗೆದಾರನಿಗೂ ತಿಳೀಲಿಲ್ಲ, ನೋಡೋರಿಗೂ ತಿಳಿಯಲ್ಲ.

ಇದರಿಂದ ನಾವು ಇಟ್ಟುಕೊಂಡ ರೂಢಿ ಇಷ್ಟು. ಜನರನ್ನು ಧ್ವನಿಯಲ್ಲಿ ಧಾರಾಳವಾಗಿ ಹಿಡಿಯೋದು. ಹತ್ತಿರದ ಮುಖಗಳನ್ನು ಕೇಳಿಯೇ ಹಾಕೋದು, ಮಕ್ಕಳದ್ದಾದರೆ ತಾಯ್ತಂದೆಯರನ್ನು ಕೇಳೋದು. ನಾಟಕಕ್ಕೆ ಮೊದಲೇ, ಹಲಗೆ ನಿಂತ ಮೇಲೆ, ಒಬ್ಬ ನಟ ನಡುವೆ ಬಂದು ಕ್ಯಾಮೆರಾ ಎಲ್ಲೆಲ್ಲಿವೆ, ಮೈಕು ಎಲ್ಲೆಲ್ಲಿವೆ ಅಂತ ಕೈ ತೋರಿಸಿ ಹೇಳ್ತಾನೆ. ಬೇಡ ಅನ್ನೋರು 7ರಿಂದ 9 ಗಂಟೆಯ ಕಡೆಗೆ ಕೂತರೆ ಎರಡು ಕ್ಯಾಮೆರಾಕ್ಕೆ ಬೆನ್ನಾಗುತ್ತೆ. ಉಳಿದ ಫೋನಿನ ಚಿತ್ರದಲ್ಲಿ ಆ ಭಾಗವನ್ನು ಬಳಸಲ್ಲ.

ಸ್ವಚ್ಛ ಅಂದ್ರೆ ಯಾವುದು

ಕೊನೇದಾಗಿ ಎಡಿಟ್ "ಕ್ಲೀನ್" ಆಗಿರಬೇಕು ಅಂತಾರಲ್ಲ, ಅದರ ಬಗ್ಗೆ. ಸದ್ದು ಗದ್ದಲ ಎಲ್ಲಾ ತೆಗೆದುಹಾಕೋದು ಸ್ವಚ್ಛ ಅಲ್ಲ. ನಾಟಕದ ನಡುವೆ ಒಂದು ಮಿಕ್ಸರ್ ಲಾರಿ ಹಾರ್ನ್ ಹೊಡೆದು ಹೋಯಿತು, ನಟ ಅದಕ್ಕೆ ಸಲಾಮು ಹೊಡೆದು "ಸಾಹೇಬ್ರು ಬಂದ್ರು" ಅಂದ. ಹಾರ್ನ್ ತೆಗೆದರೆ ಸಲಾಮು ಅನಾಥ. ನಾವು ಕೇಳಿಕೊಳ್ಳೋ ಪ್ರಶ್ನೆ ಒಂದೇ: ಈ ಸದ್ದಿಗೆ ಸುತ್ತಿನೊಳಗೆ ಯಾರಾದರೂ ಉತ್ತರ ಕೊಟ್ಟರಾ? ಕೊಟ್ಟಿದ್ದರೆ ಅದು ನಾಟಕ, ಇರಲಿ. ಕೊಟ್ಟಿಲ್ಲ, ಮಾತನ್ನೂ ನುಂಗ್ತಿದೆ ಅಂದ್ರೆ ತಗ್ಗಿಸಿ. ಜನರೇಟರ್ ಸದ್ದು ಈ ಎರಡನೇ ಜಾತಿ. ಜನ ಸೇರಿಸೋ 9 ನಿಮಿಷವನ್ನು ಒಂದೂವರೆಗೆ ಇಳಿಸಿದೆವು, ಅದರಲ್ಲಿ ತಪ್ಪೇನಿಲ್ಲ.

ಮಾಡಬಾರದ್ದು ಒಂದಿದೆ. ಐದನೇ ನಿಮಿಷದ ನಗುವನ್ನು ಇಪ್ಪತ್ತನೇ ನಿಮಿಷಕ್ಕೆ ತಂದು ಅಂಟಿಸೋದು. ತಾಂತ್ರಿಕವಾಗಿ ಸುಲಭ, ಯಾರಿಗೂ ಗೊತ್ತಾಗಲ್ಲ. ಆದರೆ ಈ ವೀಡಿಯೊವನ್ನು ಮೊದಲು ನೋಡೋದು ನಾಟಕದ ತಂಡವೇ. ಯಾವ ಮಾತು ಜನಕ್ಕೆ ತಾಗಿತು, ಯಾವುದು ತಾಗಲಿಲ್ಲ ಅಂತ ತಿಳಿದು ಮುಂದಿನ ವಾರಕ್ಕೆ ತಿದ್ದಿಕೊಳ್ಳೋದು ಇದರಿಂದಲೇ. ನಮ್ಮ ನಾಟಕದಲ್ಲಿ ಇಪ್ಪತ್ತೆರಡನೇ ನಿಮಿಷದ ಒಂದು ಉದ್ದ ಭಾಷಣಕ್ಕೆ ಜನರ ಟ್ರ್ಯಾಕಿನಲ್ಲಿ ಏನೂ ಇರಲಿಲ್ಲ, ಕಾಲು ಬದಲಿಸೋ ಸದ್ದು ಮಾತ್ರ. ನಾವು ಅದನ್ನು ಹಾಗೇ ಬಿಟ್ಟೆವು. ಮುಂದಿನ ಪ್ರಯೋಗಕ್ಕೆ ನಿರ್ದೇಶಕರು ಆ ಭಾಷಣವನ್ನು ನಾಲ್ಕು ಸಾಲಿಗೆ ಇಳಿಸಿದರು.

ಕತ್ತರಿಯ ಬಗ್ಗೆ ಒಂದೇ ಮಾತು: ಆರು ಜನ ಮೈಯಿಂದ ಕ್ರೇನ್ ಕಟ್ಟೋ ದೃಶ್ಯ ಇದ್ದರೆ ದೂರದ ಕ್ಯಾಮೆರಾದಲ್ಲೇ ಬಿಡಿ, 40 ಸೆಕೆಂಡಾದರೂ ಸರಿ. ಕೈಯನ್ನೊಂದು ಸಲ, ಕಾಲನ್ನೊಂದು ಸಲ ತೋರಿಸಿದರೆ ಕ್ರೇನ್ ಕಾಣಲ್ಲ, ಬೆವರುತ್ತಿರೋ ಆರು ಜನ ಕಾಣ್ತಾರೆ.

ಎಲ್ಲಾ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಮೊದಲನೇದು, ಹೆಡ್‌ಫೋನ್ ಬಿಟ್ಟು ಸಾಧಾರಣ ಫೋನಿನ ಸ್ಪೀಕರಿನಲ್ಲಿ, ಫ್ಯಾನ್ ಹಾಕಿಕೊಂಡು ಕೇಳಿ. ನಾಟಕ ನೋಡಿದ ಜನ ಇದನ್ನು ನೋಡೋದು ಹಾಗೇ. ಎರಡನೇದು, ಕಣ್ಣು ಮುಚ್ಚಿಕೊಂಡು ಐದು ನಿಮಿಷ ಕೇಳಿ. ಸುತ್ತ ಜನ ಇದ್ದಾರೆ, ನಡುವೆ ಯಾರೋ ಆಡ್ತಿದ್ದಾರೆ, ಅವರವರಿಗೆ ಮಾತುಕತೆ ನಡೀತಿದೆ ಅಂತ ಬರೀ ಕಿವಿಗೆ ತಿಳಿದರೆ ಫೈಲು ಕಳಿಸಿ. ತಿಳಿಯದಿದ್ದರೆ ಚಿತ್ರ ಬಿಡಿ, ಜನರ ಟ್ರ್ಯಾಕಿಗೆ ಹಿಂದಿರುಗಿ.